ಆ್ಯಪ್ ಸಾಕಾ, ಡಾಕ್ಟರ್ ಬೇಕಾ?

"ತಮ್ಮ ಸಕಲೇಶಪುರದ ತೋಟದಲ್ಲಿದ್ದಾನೆ. ನಿದ್ದೆ ಬರಲ್ಲ ಅಂತ ರಾತ್ರಿ ಚಾಟ್‌ಬಾಟ್ ಜೊತೆ ಮಾತಾಡ್ತಾನೆ. ಮೊನ್ನೆ 'ನಾನು ಎಲ್ಲರಿಗೂ ಭಾರ' ಅಂದ. ಅದು ಉಸಿರಾಟದ ವ್ಯಾಯಾಮ ಹೇಳಿತಂತೆ. ಸಾಕಾ?"

ಸಾಲದು. ನಿದ್ದೆಯ ಲೆಕ್ಕ ಬರೆದಿಡಲು, ಗಾಬರಿ ಇಳಿಸುವ ಉಸಿರಾಟಕ್ಕೆ ಅದು ಪರವಾಗಿಲ್ಲ. ಆದರೆ 'ಸಾಯಬೇಕು' ಅಂತ ನೇರವಾಗಿ ಬರೆದರೆ ಎಚ್ಚರವಾಗುವ ಬಾಟ್, 'ಭಾರ' ಅನ್ನೋದನ್ನ ಸುಮ್ನೆ ಬೇಜಾರು ಅಂದುಕೊಳ್ಳಬಹುದು. ನಮ್ಮವರು ಸುತ್ತಿಬಳಸಿಯೇ ಹೇಳೋದು ಜಾಸ್ತಿ, ಅಲ್ವಾ? ಅವನ ಮುಖ, ದನಿ ಅದಕ್ಕೆ ಕಾಣಲ್ಲ. ಪಕ್ಕದಲ್ಲಿ ಬಂದು ಕೂರೋಕೂ ಆಗಲ್ಲ.

ಇವತ್ತೇ ನೀವೇ ಕೇಳಿ: "ಸಾಯೋ ಯೋಚನೆ ಬರ್ತಿದೆಯೇನೋ?" ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನೋದು ತಪ್ಪು ಭಯ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ತೋಟದ ಕ್ರಿಮಿನಾಶಕ, ಕಳೆನಾಶಕ ಅವನ ಕೈಗೆ ಸಿಗದಂತೆ ಬೇರೆಯವರ ಬಳಿ ಇಡಿಸಿ. ಆ ಗಳಿಗೆ ದಾಟಿಸಲು ಇದು ನಿಜಕ್ಕೂ ನೆರವಾಗುತ್ತದೆ.

ಹೇಗೆ ಸಾಯೋದು ಅಂತಲೂ ಯೋಚಿಸಿದ್ದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಇಲ್ಲ ಅಂದರೂ ಈ ವಾರವೇ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಅಲ್ಲಿವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ. ಉಚಿತ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮನುಷ್ಯರು ಮಾತಾಡುತ್ತಾರೆ. ಮೊದಲ ಸಲ ನೀವೇ ಡಯಲ್ ಮಾಡಿ ಫೋನ್ ಅವನ ಕೈಗೆ ಕೊಡಿ.