ಹೆಸರು ಅಳಿಸಿದರೆ ಒಪ್ಪಂದಪತ್ರ ಗುಟ್ಟಾಗಿ ಉಳಿಯುವುದೇ?

ಪ್ರಶ್ನೆ: ಬೈಕಂಪಾಡಿಯಲ್ಲಿರುವ ನಮ್ಮ ಗೇರುಬೀಜ ರಫ್ತು ಕಚೇರಿಯವರು ಒಪ್ಪಂದಪತ್ರಗಳನ್ನು ಉಚಿತ ಎಐ ತಾಣಕ್ಕೆ ಹಾಕಿ ಸಾರಾಂಶ ತೆಗೆಯುತ್ತಾರೆ. ಹೆಸರು ಅಳಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ‘ಡಬ್ಲ್ಯು 320 ದರ್ಜೆಯ ಗೇರು ತಿರುಳು, ಎರಡು ಕಂಟೇನರ್, ನವಮಂಗಳೂರು ಬಂದರು’ ಎಂಬ ಸಾಲೂ ಅದರ ಪಕ್ಕದ ದರವೂ ಉಳಿದಿದ್ದರೆ, ಈ ವ್ಯಾಪಾರ ಬಲ್ಲವರು ಖರೀದಿದಾರರನ್ನು ಸುಲಭವಾಗಿ ಊಹಿಸಬಲ್ಲರು. ಅಂಟಿಸಿದ ಪಠ್ಯ ಆ ತಾಣದ ಸರ್ವರ್‌ನಲ್ಲಿ ಉಳಿಯುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಅನೇಕ ಉಚಿತ ಖಾತೆಗಳಲ್ಲಿ ಅದು ಎಐ ಮಾದರಿಯ ತರಬೇತಿಗೂ ಬಳಕೆಯಾಗಬಹುದು, ಮತ್ತು ಒಮ್ಮೆ ತರಬೇತಿಗೆ ಸೇರಿದ್ದನ್ನು ಹಿಂದೆಗೆಯುವುದು ಬಹುಮಟ್ಟಿಗೆ ಅಸಾಧ್ಯ. ಅದಕ್ಕೂ ಮೊದಲೇ, ಮೂರನೆಯವರಿಗೆ ತೋರಿಸಬಾರದೆಂಬ ಷರತ್ತು ಒಪ್ಪಂದದಲ್ಲಿದ್ದರೆ ಅದು ಮುರಿದಿರುತ್ತದೆ.

2023ರಲ್ಲಿ ಸ್ಯಾಮ್‌ಸಂಗ್ ತನ್ನ ಎಂಜಿನಿಯರುಗಳು ಸೋರ್ಸ್ ಕೋಡ್ ಅಂಟಿಸಿದ ಬಳಿಕ ಇಂಥ ಸಾಧನಗಳನ್ನೇ ನಿರ್ಬಂಧಿಸಿತು. ಸಣ್ಣ ಕಚೇರಿಗೆ ಬರೀ ನಿಷೇಧವನ್ನು ನಾನು ಸೂಚಿಸಲಾರೆ, ಏಕೆಂದರೆ ಕೆಲಸದ ಒತ್ತಡವಿರುವವರು ಅದನ್ನೇ ಸ್ವಂತ ಮೊಬೈಲಿನಲ್ಲಿ ಮಾಡುತ್ತಾರೆ, ಆಗ ನಿಮಗೆ ತಿಳಿಯುವುದೂ ಇಲ್ಲ. ತರಬೇತಿಗೆ ಬಳಸುವುದಿಲ್ಲವೆಂದು ಲಿಖಿತವಾಗಿ ಒಪ್ಪುವ, ಹಣ ಕೊಟ್ಟು ಪಡೆಯುವ ಸಂಸ್ಥೆಯ ಖಾತೆಯನ್ನು ಕೊಡಿ. ಖರೀದಿದಾರರ ಅನುಮತಿಯಿಲ್ಲದೆ ಒಪ್ಪಂದ, ದರಪಟ್ಟಿಗಳನ್ನು ಅಲ್ಲಿಗೂ ಹಾಕಬಾರದೆಂದು ಬರೆದಿಡಿ. ತಪ್ಪಿ ಅಂಟಿಸಿದವರು ಅದೇ ದಿನ ತಿಳಿಸಿದರೆ ಶಿಕ್ಷೆಯಿಲ್ಲವೆಂಬ ಭರವಸೆಯೂ ಅದರಲ್ಲಿರಲಿ. ಆ ಸಂಭಾಷಣೆಯನ್ನು ಅಳಿಸಲು, ಹಂಚಿದ ಲಿಂಕ್ ಇದ್ದರೆ ರದ್ದುಮಾಡಲು ಆಗ ಸಮಯ ಸಿಗುತ್ತದೆ.