ಫೋಟೋದಲ್ಲಿರುವ ಪೇಪರ್ ಪ್ಯಾಟರ್ನ್ ನೋಡಿ ಬಟ್ಟೆ ಎಷ್ಟು ಬೇಕು ಅಂತ ಲೆಕ್ಕ ಹಾಕೋದು ಹೇಗೆ?
"ಕುರ್ತಾ ಪ್ಯಾಟರ್ನ್ ಫೋಟೋ ಇದೆ, ಅಳತೆ ಬರೆದಿದೆ, ಹೊಲಿಗೆಗೆ 1 ಸೆಂ.ಮೀ. ಬಿಡಬೇಕು ಅಂತಿದೆ. 110 ಸೆಂ.ಮೀ. ಅಗಲದ ಬಟ್ಟೆ ಎಷ್ಟು ತಗೊಳ್ಳಲಿ?"

ಸುಮಾರು ಎರಡೂಕಾಲು ಮೀಟರ್. ಫೋಟೋ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಕ್ಯಾಮೆರಾ ಸ್ವಲ್ಪ ವಾಲಿದ್ರೂ ಅಳತೆ ತಪ್ಪುತ್ತದೆ. ಬರೆದ ಅಂಕಿಗಳನ್ನೇ ನಂಬಿ.

ಜಾಸ್ತಿ ಜನ ಎಡವುವುದು ಮಡಿಕೆಯಲ್ಲಿ. ಒಂದು ಅಂಚಿನಲ್ಲಿ "ಫೋಲ್ಡ್" ಅಂತಿದ್ರೆ ಆ ತುಂಡು ಅರ್ಧ ಮಾತ್ರ. ಮುಂಭಾಗದ ಅರ್ಧ 28 ಸೆಂ.ಮೀ. ಅಗಲ ಅಂದುಕೊಳ್ಳಿ. ಪಕ್ಕದ ಹೊಲಿಗೆಗೆ 1 ಸೇರಿಸಿದರೆ 29, ಬಿಡಿಸಿದರೆ 58. ಮಡಿಕೆಯಲ್ಲಿ ಹೊಲಿಗೆ ಇಲ್ಲ, ಅಲ್ಲಿ ಏನೂ ಸೇರಿಸಬೇಡಿ. ಹಿಂಭಾಗವೂ 58. ಎರಡೂ ಸೇರಿ 116, ಅಕ್ಕಪಕ್ಕ ಹಿಡಿಸಲ್ಲ. ಹಾಗಾಗಿ ಒಂದರ ಕೆಳಗೊಂದು.

ಉದ್ದ 100, ಭುಜಕ್ಕೆ 1, ಕೆಳಅಂಚು ಮಡಚಿ ಹೊಲಿಯೋಕೆ 3, ಒಟ್ಟು 104. ಎರಡಕ್ಕೆ 208. 36 ಅಗಲದ ತೋಳು ಹೊಲಿಗೆ ಸೇರಿ 38, ಪಕ್ಕದಲ್ಲೇ ಕೂರುತ್ತದೆ. ಕಾಟನ್ ತೊಳೆದಾಗ ಕುಗ್ಗುತ್ತೆ ಅಲ್ವಾ, ಅದಕ್ಕೆ ನೂರಕ್ಕೆ 5ರಷ್ಟು ಸೇರಿಸಿದರೆ 218. ಬಟ್ಟೆಯ ತುದಿ ಸೊಟ್ಟಗಿರಬಹುದು, ಆದ್ದರಿಂದ 225.

ಅಂಕಿಗಳಲ್ಲಿ ಹೊಲಿಗೆ ಮೊದಲೇ ಸೇರಿದೆಯಾ ನೋಡಿ. ಅಂಚಿನಲ್ಲಿ ಒಳಗೊಂದು ಹೊರಗೊಂದು ಗೆರೆ ಇದ್ದರೆ, ಅಳತೆಯ ಬಾಣ ಹೊರಗಿನ ಗೆರೆ ಮುಟ್ಟಿದ್ರೆ ಸೇರಿದೆ ಅಂತಲೇ.