ಬ್ರ್ಯಾಂಡ್ ಖರ್ಚು ಕಡಿತ: ಪೆಟ್ಟು ತಡವಾಗಿ ಬೀಳುತ್ತದೆ

ಪ್ರಶ್ನೆ: ತಿಂಗಳ ಲೆಕ್ಕ ಸುಧಾರಿಸಲಿ ಅಂತ ಬ್ರ್ಯಾಂಡ್ ಜಾಹೀರಾತು ನಿಲ್ಲಿಸಿದೆವು, ಮಾರಾಟ ಬೀಳಲೇ ಇಲ್ಲ. ಆ ಖರ್ಚು ದಂಡವಾಗಿತ್ತೇ?

ಉತ್ತರ: ಹಾಗೆ ಹೇಳಲು ಇನ್ನೂ ಕಾಲ ಬಂದಿಲ್ಲ. ಹಳೆಯ ಜಾಹೀರಾತು ಜನರ ಮನಸ್ಸಿನಲ್ಲಿ ಉಳಿಸಿದ ಹೆಸರೇ ಈಗ ಮಾರಾಟ ತರುತ್ತಿರಬಹುದು. ಅದು ನಿಧಾನವಾಗಿ ಕರಗುತ್ತದೆ; ಉಳಿತಾಯ ಮಾತ್ರ ಮೊದಲ ತಿಂಗಳೇ ಕಾಣುತ್ತದೆ.

ಒಂದು ಕಾಲ್ಪನಿಕ ಲೆಕ್ಕ. ತಿಂಗಳಿಗೆ 10 ಲಕ್ಷ ಖರ್ಚು: 4 ಲಕ್ಷ ಬ್ರ್ಯಾಂಡಿಗೆ, 6 ಲಕ್ಷ ಆನ್‌ಲೈನ್ ಕ್ಲಿಕ್ ಜಾಹೀರಾತಿಗೆ. ಆರ್ಡರ್ 1000, ಅಂದರೆ ತಲಾ 1000 ರೂಪಾಯಿ ಖರ್ಚು. ಬ್ರ್ಯಾಂಡಿನ 4 ಲಕ್ಷ ಕತ್ತರಿಸಿದ ತಿಂಗಳು ಆರ್ಡರ್ 980, ತಲಾ ಖರ್ಚು ಸುಮಾರು 612. ಎಲ್ಲರಿಗೂ ಖುಷಿ. ವರ್ಷದ ಹೊತ್ತಿಗೆ ಆರ್ಡರ್ 600ಕ್ಕೆ ಇಳಿದರೆ ತಲಾ ಖರ್ಚು ಮತ್ತೆ 1000. ದಕ್ಷತೆ ಮೊದಲಿದ್ದಷ್ಟೇ, ವ್ಯಾಪಾರ ಮಾತ್ರ ಚಿಕ್ಕದು.

ಕೊನೆಯ ಕ್ಲಿಕ್ಕಿಗೇ ಪೂರ್ತಿ ಶ್ರೇಯ ಕೊಡುವ ವರದಿಯಲ್ಲಿ ಇದು ಕಾಣದು. ಅಡಿಡಾಸ್ 2019ರಲ್ಲಿ ಇದನ್ನು ಬಹಿರಂಗವಾಗಿ ಒಪ್ಪಿಕೊಂಡಿತು: ಬಜೆಟ್ಟಿನ 77% ತಕ್ಷಣದ ಮಾರಾಟದ ಜಾಹೀರಾತಿಗೆ ಹೋಗುತ್ತಿತ್ತು, ಆದರೆ ಅವರದೇ ವಿಶ್ಲೇಷಣೆಯಲ್ಲಿ 65% ಮಾರಾಟದ ಹಿಂದೆ ಬ್ರ್ಯಾಂಡ್ ಜಾಹೀರಾತು ಇತ್ತು.

ಕಡಿತ ಅನಿವಾರ್ಯವಾದರೆ ಎಲ್ಲ ಕಡೆ ಒಟ್ಟಿಗೆ ಮಾಡಬೇಡಿ. ಒಂದೇ ಬಗೆಯ ಮಾರಾಟವಿರುವ ಎರಡು ಪ್ರದೇಶ ಆರಿಸಿ, ಒಂದರಲ್ಲಿ ನಿಲ್ಲಿಸಿ, ಇನ್ನೊಂದರಲ್ಲಿ ಮುಂದುವರಿಸಿ, ಕನಿಷ್ಠ ಆರು ತಿಂಗಳು ಹೋಲಿಸಿ. ನಿಮ್ಮ ಹೆಸರನ್ನೇ ಟೈಪ್ ಮಾಡಿ ಹುಡುಕುವವರ ಸಂಖ್ಯೆ ಮತ್ತು ಹೊಸ ಗ್ರಾಹಕರ ಪಾಲು ನೋಡುತ್ತಿರಿ. ಸಾಮಾನ್ಯವಾಗಿ ಒಟ್ಟು ಮಾರಾಟಕ್ಕಿಂತ ಮೊದಲು ಇವೇ ಇಳಿಯುತ್ತವೆ.